ಐ7 ಸ್ಟಿಕ್ಕರಿನ ಮಹಿಮೆ

ದಾವಣಗೆರೆ
ಹಾಸ್ಟೆಲಿನಿಂದ

ಪ್ರೀತಿಯ ಅಣ್ಣನಿಗೆ,

ನಾನು ಕ್ಷೇಮ. ಮೆಸ್ಸಿನ ಸಾಂಬಾರೂ ಕ್ಷೇಮ, ಹೋದ ಸೆಮಿಸ್ಟರಿನಲ್ಲಿ ಹೇಗಿತ್ತೋ ಹಾಗೇ ಇದೆ. ಜರ್ಮನಿಯಲ್ಲಿ ನೀನೂ ಕ್ಷೇಮವೆಂದು ನಂಬಿ ನೇರ ವಿಷಯಕ್ಕೆ ಬರುತ್ತೇನೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳೋಕೆ ಅಪ್ಪ ಮೂವತ್ತು ಸಾವಿರ ಕೊಡಲು ಒಪ್ಪಿದ್ದಾರೆ. ಆಟೋಕ್ಯಾಡ್ ಕಲಿಯೋಕೆ ಬೇಕು ಅಂತ ಹೇಳಿದ್ದೇನೆ. ಸುಳ್ಳೇನಲ್ಲ, ಜಿಟಿಎ 5 ಓಡುವ ಲ್ಯಾಪ್‌ಟಾಪಿನಲ್ಲಿ ಆಟೋಕ್ಯಾಡೂ ಓಡುತ್ತದೆ.

ನನಗೆ ಬೇಕಾದ ಆಟ ಮೂರೇ: ಜಿಟಿಎ 5, ಕೌಂಟರ್ ಸ್ಟ್ರೈಕ್ 2, ಮತ್ತೆ ನೀನೇ ಹಿಡಿಸಿದ ಚಟ ಕ್ರಿಕೆಟ್ 07. ಕ್ರಿಕೆಟ್ಟಿನ ಚಿಂತೆ ಇಲ್ಲ, ಅದು ಎಂಥ ಮುದಿ ಯಂತ್ರದಲ್ಲೂ ಬ್ಯಾಟ್ ಬೀಸುತ್ತದೆ. ತಕರಾರು ಉಳಿದೆರಡರದು.

ಮೊದಲು ಪಿ.ಬಿ. ರಸ್ತೆ ಕಡೆಯ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಒಂದು ಕಂಪನಿ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಒರೆಸಿ, ‘ಐ7 ಇದೆ ನೋಡ್ರಿ, ಹದಿನೆಂಟು ಸಾವಿರ, ಎಲ್ಲಾ ಗೇಮೂ ಓಡ್ತಾವು’ ಅಂದರು. ಅಣ್ಣಾ, ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ‘ದಾವಣಗೆರೆ ಬೆಣ್ಣೆ ದೋಸೆ’ ಅಂತ ಬೋರ್ಡ್ ಇರುತ್ತಲ್ಲ, ಈ ಐ7 ಸ್ಟಿಕ್ಕರೂ ಹಾಗೇ. ಒಳಗೆ ಯಾರು ಹುಯ್ಯುತ್ತಿದ್ದಾರೆ ಅಂತ ನೋಡಬೇಕು. ಟಾಸ್ಕ್ ಮ್ಯಾನೇಜರ್ ತೆರೆದರೆ ಪೂರ್ತಿ ಹೆಸರು ಬಂತು: i7-4600U. ಅದು 2013ರ ನಾಲ್ಕನೇ ತಲೆಮಾರಿನದು, ಇರುವುದು ಎರಡೇ ಕೋರ್. 2017ರ i5-8250Uಗೆ ನಾಲ್ಕು ಕೋರ್ ಇವೆ, ಅಂದರೆ ಇಲ್ಲಿ ಐದೇ ಏಳಕ್ಕಿಂತ ದೊಡ್ಡದು. ಕೊನೆಯ ‘ಯು’ ಅಂದರೆ ಕರೆಂಟ್ ಉಳಿಸುವ ಜಾತಿ. ಆಟದ ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ ‘ಎಚ್’ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡೇ ಇರಲಿಲ್ಲ. ವಿಂಡೋಸ್ 11ಕ್ಕೂ ಮೈಕ್ರೋಸಾಫ್ಟ್ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗಿನದನ್ನೇ ಕೇಳುತ್ತದೆ. ‘ಯೋಚನೆ ಮಾಡಿ ಬರ್ತೀನಿ’ ಅಂತ ಹೇಳಿ ಎದ್ದು ಬಂದು ಮಂಡಕ್ಕಿ ಮಿರ್ಚಿ ತಿಂದೆ.

ಎರಡನೆಯದು ಹರಿಹರದಲ್ಲಿ, ಹರಿಹರೇಶ್ವರ ದೇವಸ್ಥಾನದ ಹತ್ತಿರದ ಮನೆಯಲ್ಲಿ. ಓದು ಮುಗಿದು ಕೆಲಸಕ್ಕೆ ಸೇರಿದ ಹುಡುಗನೊಬ್ಬ ಮಾರುತ್ತಿದ್ದಾನೆ. i5-9300H, ಜಿಟಿಎಕ್ಸ್ 1650, ಅದಕ್ಕೆ ನಾಲ್ಕು ಜಿಬಿ ಸ್ವಂತ ಮೆಮೊರಿ. ಕೇಳುತ್ತಿರುವುದು ಮೂವತ್ತೆರಡು ಸಾವಿರ. ನೋಡಿದ ತಕ್ಷಣ ಮನಸ್ಸು ಹೋಯಿತು, ಆದರೂ ಗಂಡು ನೋಡಲು ಬಂದ ಸೋದರಮಾವನ ಗತ್ತಿನಲ್ಲಿ ಕೂತು ಪರೀಕ್ಷೆ ಮಾಡಿದೆ. ಮೊದಲು ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಹೊಡೆದೆ:

```
powercfg /batteryreport
```

ವರದಿಯ ಪ್ರಕಾರ ಬ್ಯಾಟರಿ ಹೊಸದರಲ್ಲಿ ಹಿಡಿಯುತ್ತಿದ್ದುದರ ಅರ್ಧವನ್ನೂ ಈಗ ಹಿಡಿಯುವುದಿಲ್ಲ. ಆಟಕ್ಕೆ ಇದು ದೊಡ್ಡ ದೋಷವಲ್ಲ, ಬ್ಯಾಟರಿಯಲ್ಲಿ ಆಡಿದರೆ ಗ್ರಾಫಿಕ್ಸ್ ಕಾರ್ಡ್ ಹೇಗೂ ನಿಧಾನವಾಗುತ್ತದೆ. ಆದರೆ ಮ್ಯಾಚ್ ಮಧ್ಯೆ ಹಾಸ್ಟೆಲಿನ ಕರೆಂಟ್ ಹೋದರೆ ಮಾನ ಹೋಗುತ್ತದೆ.

ಆಮೇಲೆ ಚಾರ್ಜರ್ ಹಾಕಿ ಇಪ್ಪತ್ತು ನಿಮಿಷ ಕೌಂಟರ್ ಸ್ಟ್ರೈಕ್ ಆಡಿದೆ. ಎರಡು ನಿಮಿಷ ಆಡಿಸಿ ತೋರಿಸಿದರೆ ಎಲ್ಲ ಲ್ಯಾಪ್‌ಟಾಪೂ ಶೂರನೇ. ಹತ್ತು ನಿಮಿಷ ಆದ ಮೇಲೆ ಫ್ಯಾನು ಕಿರುಚತೊಡಗಿತು, ಫ್ರೇಮುಗಳು ಎಂಬತ್ತರಿಂದ ನಲವತ್ತಕ್ಕೆ ಇಳಿದವು. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ವೇಗ ನಾಲ್ಕು ಗಿಗಾಹರ್ಟ್ಸ್ ಹತ್ತಿರದಿಂದ ಎರಡಕ್ಕಿಂತ ಕೆಳಗೆ ಬಂತು. ಬಿಸಿ ಮಿತಿ ಮೀರಿದಾಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಹುಡುಗ ‘ಬೇಸಿಗೆ ಅಲ್ವಾ ಬ್ರೋ’ ಅಂದ. ಹಿಂದಿನ ಗಾಳಿಕಿಂಡಿಗೆ ಟಾರ್ಚ್ ಹಿಡಿದರೆ ಧೂಳು ಕಂಬಳಿಯಂತೆ ಕೂತಿತ್ತು. ಬಿಚ್ಚಿ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿದರೆ ಬಹುಪಾಲು ಸರಿಹೋಗುವ ರೋಗ.

ಇನ್ನೆರಡು ಕೊರತೆ ಇವೆ. ರ‍್ಯಾಮ್ ಎಂಟು ಜಿಬಿಯ ಒಂದೇ ಕಡ್ಡಿ, ಪಕ್ಕದ ಸ್ಲಾಟ್ ಖಾಲಿ. ಇನ್ನೊಂದು ಎಂಟು ಹಾಕಬೇಕು. ಎಸ್‌ಎಸ್‌ಡಿ 256 ಜಿಬಿ. ಕೌಂಟರ್ ಸ್ಟ್ರೈಕ್ ಒಂದೇ 85 ಕೇಳುತ್ತದೆ, ಜಿಟಿಎ ಈಗ ನೂರು ದಾಟಿದೆ. ಇವೆರಡು ಕಾಲು ಚಾಚಿದರೆ ಆಟೋಕ್ಯಾಡ್ ವರಾಂಡದಲ್ಲಿ ಮಲಗಬೇಕು.

ಮೂರನೆಯ ದಾರಿ ನೀನು. ಊರಿಗೆ ಬರುವಾಗ ಅಲ್ಲಿಯೇ ಇಂಥದ್ದೊಂದು ಹಳೆಯದು ತರಬಹುದು. ಹದಿನೆಂಟು ದಾಟಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪಿಗೆ ಕಸ್ಟಮ್ಸ್ ಸುಂಕ ಇಲ್ಲ. ಆದರೆ ನಿನ್ನದನ್ನೂ ನನ್ನದನ್ನೂ ಸೇರಿಸಿದರೆ ಎರಡಾಗುತ್ತದೆ, ಅದನ್ನು ಯೋಚಿಸು. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಜೆಡ್ ಜಾಗ ಬದಲಾಗಿರುತ್ತವಂತೆ. ಓಡಾಡುವ ಡಬ್ಲ್ಯೂ, ಎ, ಎಸ್, ಡಿ ಇದ್ದಲ್ಲೇ ಇರುವುದರಿಂದ ಆಟಕ್ಕೆ ತೊಂದರೆ ಇಲ್ಲ. ಅಸೈನ್‌ಮೆಂಟಿಗೆ ಆಗುವ ತೊಂದರೆ ನಾನು ಸಹಿಸಿಕೊಳ್ಳುತ್ತೇನೆ.

ನನ್ನ ಒಲವು ಹರಿಹರದ ಕಡೆಗೇ. ಧೂಳು, ಬ್ಯಾಟರಿ, ರ‍್ಯಾಮ್ ಮೂರನ್ನೂ ತೋರಿಸಿ ಇಪ್ಪತ್ತಾರಕ್ಕೆ ಇಳಿಸುತ್ತೇನೆ. ಉಳಿದ ನಾಲ್ಕು ಸಾವಿರ ರಿಪೇರಿಗೂ ರ‍್ಯಾಮಿಗೂ ಸಾಲದಿದ್ದರೆ ಮೇಲಿನದನ್ನು ನೀನು ಹಾಕಬೇಕು. ಭಾನುವಾರದೊಳಗೆ ಹೂಂ ಅಥವಾ ಉಹೂಂ ತಿಳಿಸು. ಅಪ್ಪನಿಗೆ ಫೋನ್ ಮಾಡಿದರೆ ದಯವಿಟ್ಟು ಆಟೋಕ್ಯಾಡ್ ಬಗ್ಗೆ ಮಾತ್ರ ಮಾತಾಡು.

ಇಂತಿ ನಿನ್ನ ತಮ್ಮ