ಎಮ್ಮೆ ಈದರೆ ದಂಡ ಉಂಟೇ?

ನಮ್ಮ ಮಹಿಳಾ ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲೇ ನಿಯಮ ಬರೆದಿದೆ: ತಿಂಗಳ ಸಭೆಗೆ ಹೇಳದೆ ತಪ್ಪಿಸಿಕೊಂಡರೆ 20 ರೂಪಾಯಿ ದಂಡ, ಕಾಯಿಲೆ, ಸಾವು, ಹೆರಿಗೆ ಇದ್ದರೆ ಮಾಫಿ. ಯಾರ ಹೆರಿಗೆ ಅಂತ ಮಾತ್ರ ಬರೆದಿಲ್ಲ. ಒಬ್ಬಾಕೆ ಆ ಸಂದಿಯಲ್ಲೇ ತನ್ನ ಎಮ್ಮೆಯನ್ನು ನುಗ್ಗಿಸಿದಳು. “ನನ್ನ ಹೆರಿಗೇಲಿ ಅತ್ತೆ ಇದ್ರು ಅಕ್ಕ, ಎಮ್ಮೆಗೆ ಯಾರಿದಾರೆ?” ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಮಾಫಿ. ನನ್ನ ಪ್ರಕಾರ ಅದು ಸರಿ. ಎಮ್ಮೆ ಕೊಂಡಿದ್ದು ಸಂಘದ ಸಾಲದಲ್ಲಿ. ಅದಕ್ಕೇನಾದರೂ ಆದರೆ ಕಂತು ಕಟ್ಟುವವರಾರು?

ಮಾಫಿ ಮಾಡಬಾರದ್ದು ಬೇರೆ ಇದೆ. ಕೆಲವರು ಮಗಳ ಕೈಲಿ ಉಳಿತಾಯದ ದುಡ್ಡು ಕಳಿಸಿ, “ದುಡ್ಡು ಬಂತಲ್ಲ, ಹಾಜರಿ ಹಾಕ್ಕೊಳ್ಳಿ” ಅನ್ನುತ್ತಾರೆ. ದುಡ್ಡು ಯಾರ ಕೈಲಾದರೂ ಬರುತ್ತದೆ, ಒಪ್ಪಿಗೆ ಬರುವುದಿಲ್ಲ. ಯಾರಿಗೆ ಎಷ್ಟು ಸಾಲ ಅಂತ ತೀರ್ಮಾನವಾಗುವುದು ಸಭೆಯಲ್ಲೇ. ಸಂಜೆ ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡರೆ, ಸಾಲ ಸುಸ್ತಿಯಾದ ದಿನ ಅದೇ ಸದಸ್ಯೆ “ನಾನು ಆ ಸಭೆಗೇ ಬಂದಿರಲಿಲ್ಲ” ಅಂತ ಕೈ ತೊಳೆದುಕೊಳ್ಳುತ್ತಾಳೆ. ಬ್ಯಾಂಕಿನವರು ಸಾಲ ಕೊಡುವ ಮುಂಚೆ ಸಂಘವನ್ನು ಅಳೆಯುವಾಗ ಹಾಜರಾತಿಯನ್ನೂ ನೋಡುತ್ತಾರೆ. ಹಾಜರಾತಿಯಲ್ಲಿ 15 ಸಹಿ, ಅದೇ ದಿನದ ಠರಾವಿನ ಕೆಳಗೆ 12 ಇದ್ದರೆ ಕಳ್ಳ ಹಾಜರಿ ತಾನಾಗಿಯೇ ಸಿಕ್ಕಿಬೀಳುತ್ತದೆ.

ದಂಡದ್ದು ಇನ್ನೂ ಸೂಕ್ಷ್ಮ. 15 ಜನರ ಸಂಘ, ತಿಂಗಳಿಗೆ ತಲಾ 200 ಉಳಿತಾಯ ಅಂದುಕೊಳ್ಳಿ. ಮಾರ್ಚಿನಲ್ಲಿ 12 ಜನ ಬಂದರು, ಇಬ್ಬರು ಮೊದಲೇ ಹೇಳಿ ದುಡ್ಡು ಕಳಿಸಿದರು, ಒಬ್ಬಳ ಸುದ್ದಿಯೇ ಇಲ್ಲ. ಗೈರುಹಾಜರಿ ಮೂವರದು, ಉಳಿತಾಯ ಬಂದದ್ದು 14 ಜನರದು: 2,800. ಏಪ್ರಿಲಿನಲ್ಲಿ ಆಕೆ ಬಾಕಿ, ದಂಡ ಎಲ್ಲ ಸೇರಿಸಿ 420 ಕೊಟ್ಟಳು. ಉಳಿದವರ 2,800 ಸೇರಿ ಪೆಟ್ಟಿಗೆಯಲ್ಲಿ 3,220. ಪುಸ್ತಕ ಬರೆಯುವವಳು ಅವಸರದಲ್ಲಿ 420 ಪೂರ್ತಿ ಉಳಿತಾಯದ ಕಲಮಿಗೇ ಹಾಕಿದರೂ ಆ ದಿನದ ನಗದು ತಾಳೆಯಾಗುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ವರ್ಷದ ಕೊನೆಗೆ 36,000 ಇರಬೇಕಾದ ಉಳಿತಾಯ 36,020 ಆಗಿರುತ್ತದೆ. ಉಳಿತಾಯ ಅವಳದು, ದಂಡ ಸಂಘದ ಆದಾಯ. ಕಲಮು ತಪ್ಪಿದರೆ ಚಕ್ಕರ್ ಹೊಡೆದವಳಿಗೇ 20 ರೂಪಾಯಿ ಬಹುಮಾನ! ಪತ್ತೆ ಹಚ್ಚುವುದು ಸುಲಭ: ಯಾರ ಪಾಸ್ ಪುಸ್ತಕದ ಉಳಿತಾಯವಾದರೂ 200ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಅಲ್ಲೇನೋ ಬೆರೆತಿದೆ.

ಅದಕ್ಕೇ ಅಕ್ಕಂದಿರೇ, ಚಹಾ ಬರುವ ಮುಂಚೆಯೇ ನಿಮ್ಮ ಪಾಸ್ ಪುಸ್ತಕವನ್ನು ಲೆಡ್ಜರಿನ ಪಕ್ಕ ಇಟ್ಟು ಓದಿಸಿಕೊಳ್ಳಿ. ಚಹಾ ಕುಡಿದ ಮೇಲೆ ಲೆಕ್ಕ ಕೇಳುವವರನ್ನು ನಾನಂತೂ ನೋಡಿಲ್ಲ.