ಎರಡು ಚಮಚ ಬೆಣೆ

ನಮ್ಮ ಭಾವಮೈದ ಚಕ್ಕುಲಿ ಮಾಡುವ ವಿಧಾನವನ್ನು 40 ಸೆಕೆಂಡಿನ ರೀಲ್ಸ್ ಮಾಡಿದ್ದಾನೆ. ಚಕ್ಕುಲಿ ಒತ್ತಿದ್ದು ನಮ್ಮತ್ತೆ. ನಿರ್ದೇಶನ, ಛಾಯಾಗ್ರಹಣ, ಸಂಕಲನ ಮತ್ತು ಮುಖ ಇವನದು. ನಾನು ಅದನ್ನು ನೋಡಿದ್ದು ರಾತ್ರಿ 11ಕ್ಕೆ, ಪಕ್ಕದಲ್ಲಿ ಮಲಗಿದ್ದ ಅವನ ಅಕ್ಕ ಎದ್ದಾಳೆಂಬ ಭಯಕ್ಕೆ, ಸೌಂಡ್ ಆಫ್ ಮಾಡಿ.

ಮೊದಲ 5 ಸೆಕೆಂಡು ಬೆಂಕಿಯೊಳಗಿಂದ ಅವನ ಲೋಗೋ ತಿರುಗುತ್ತ ಬಂತು. ಮುಂದಿನ 7 ಸೆಕೆಂಡು ಭಾವಮೈದ ಕೈ ಮುಗಿದು ಬಾಯಿ ಆಡಿಸಿದ. ಯಾರೋ ತೀರಿಕೊಂಡಿರಬೇಕು ಅಂದುಕೊಂಡೆ. ಆಮೇಲೆ ಪಾತ್ರೆಗೆ ಒಂದು ಬಿಳಿ ಪುಡಿ ಬಿತ್ತು. ಅದರ ಮೇಲೆ ಇನ್ನೊಂದು ಬಿಳಿ ಪುಡಿ. ಅಕ್ಕಿಹಿಟ್ಟೋ, ಮೈದಾವೋ, ಗೋಡೆಗೆ ಬಳಿಯುವ ಸುಣ್ಣವೋ, ದೇವರಿಗೇ ಗೊತ್ತು.

ಬೆಳಿಗ್ಗೆ ಕೇಳಿದರೆ, "ಅಕ್ಷರ ಹಾಕಿದೀನಲ್ಲ ಭಾವ, ನೀವು ನೋಡಿಲ್ಲ" ಅಂದ.

ಹಾಕಿದ್ದ, ಸುಳ್ಳಲ್ಲ. ಅಳತೆಯನ್ನೆಲ್ಲ ತೆರೆಯ ತೀರಾ ಕೆಳಗೆ ಸಾಲಾಗಿ ಜೋಡಿಸಿದ್ದ. ಆದರೆ ನಿಂತ ಫೋನಿನ ತೆರೆ ಪೂರ್ತಿ ನಮ್ಮ ಸ್ವತ್ತಲ್ಲ. ಕೆಳಗಡೆ ಖಾತೆಯ ಹೆಸರು, ವಿವರಣೆ, ಹಾಡಿನ ಹೆಸರು ಬಂದು ಕೂರುತ್ತವೆ. ಬಲಗಡೆ ಹೃದಯ, ಕಾಮೆಂಟು, ಶೇರು ಸಾಲಾಗಿ ನಿಂತಿರುತ್ತವೆ. ಎಡಿಟ್ ಮಾಡುವಾಗ ಇವು ಯಾವುವೂ ಇರುವುದಿಲ್ಲ, ಹಾಕಿದ ಮೇಲೆ ಬಾಡಿಗೆ ಕೊಡದೆ ಒಳಗೆ ಬರುತ್ತವೆ. ಹೀಗಾಗಿ ಹಿಟ್ಟಿನ ಅಳತೆಯೆಲ್ಲ ಅವನದೇ ಹೆಸರಿನ ಕೆಳಗೆ ಸಮಾಧಿಯಾಗಿ, "ಉಪ್ಪು ರುಚಿಗೆ ತಕ್ಕಷ್ಟು" ಎಂಬ ಒಂದೇ ಸಾಲು ಬದುಕುಳಿದಿತ್ತು.

"ಮೇಲಕ್ಕೆ ಹತ್ತಿಸೋ" ಅಂದೆ. ಹತ್ತಿಸಿದ. ಈಗ ಓದಲು ಸಿಕ್ಕಿದ್ದು: "2 ಚಮಚ ಬೆಣೆ."

ಚಕ್ಕುಲಿಗೆ ಬೆಣೆ ಹೊಡೆಯುವುದನ್ನು ನಾನಂತೂ ಕೇಳಿರಲಿಲ್ಲ. ಆದದ್ದು ಇಷ್ಟೆ. ಇಂಗ್ಲಿಷಿನ ಅಳತೆಗೆ ಹೊಲಿದ ಬಿಗಿ ಡಬ್ಬದೊಳಗೆ ಕನ್ನಡ ತುರುಕಿದ್ದ. ಡಬ್ಬದ ಅಂಚು ಣ್ಣದ ಒತ್ತಕ್ಷರವನ್ನು ಕತ್ತರಿಸಿ, ಬೆಣ್ಣೆ ಬೆಣೆಯಾಗಿತ್ತು. ಡಬ್ಬ ಹಿಗ್ಗಿಸಿದರೆ ಇನ್ನೊಂದು ತಾಪತ್ರಯ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆಗೆ ಗುದ್ದುತ್ತಿತ್ತು. ನಮ್ಮ ಲಿಪಿಗೆ ಕೆಳಗೂ ಮೇಲೂ ಜಾಗ ಬೇಕು, ಸಾಲಿನ ನಡುವೆ ಧಾರಾಳ ಬಿಡಬೇಕು. ಸಾಲದ್ದಕ್ಕೆ ಇವನು ಅಕ್ಷರ ಎದ್ದು ಕಾಣಲೆಂದು ಸುತ್ತ ದಪ್ಪ ಕಪ್ಪು ಗೆರೆ ಎಳೆದಿದ್ದ. ಆ ಗೆರೆ ಸಣ್ಣ ಒತ್ತಿನ ಹೊಟ್ಟೆಯೊಳಗೇ ಇಳಿದು, ಉದ್ದಿನಹಿಟ್ಟಿನ ದ್ದ, ಟ್ಟ ಎರಡೂ ಇರುವೆ ಮುತ್ತಿದ ಬೆಲ್ಲದ ಚೂರಾಗಿದ್ದವು. ಗೆರೆ ತೆಗೆಸಿ, ಬಿಳಿ ಅಕ್ಷರದ ಹಿಂದೆ ಒಂದು ಕಪ್ಪು ಪಟ್ಟಿ ಹಾಕಿಸಿದೆ. ಬಿಳಿ ಹಿಟ್ಟಿನ ಮೇಲೂ ಓದಲು ಬಂತು.

ಇನ್ನು ಅವನ ಭಾಷೆ. "ಈಗ ನಾವು ನಾಲ್ಕು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ಹುರಿದ ಉದ್ದಿನಹಿಟ್ಟನ್ನು ಸೇರಿಸಿಕೊಳ್ಳಬೇಕಾಗುತ್ತದೆ." ಇಷ್ಟೂ ಒಂದೂವರೆ ಸೆಕೆಂಡಿನಲ್ಲಿ ಬಂದು ಮಾಯ. ಕೊನೆಯ ಒಂದು ಪದ ಓದಿ ಮುಗಿಸಲಿಕ್ಕೇ ಅಷ್ಟು ಹೊತ್ತು ಬೇಕು. ನಾನು ಉಳಿಸಿದ್ದು ಎರಡೇ ಸಾಲು: "4 ಲೋಟ ಅಕ್ಕಿಹಿಟ್ಟು", ಅದರ ಕೆಳಗೆ "1 ಲೋಟ ಉದ್ದಿನಹಿಟ್ಟು". ನಿಧಾನವಾಗಿ ಎರಡು ಸಲ ಓದಿಕೊಳ್ಳುವವರೆಗೂ ಅವು ಕದಲಬಾರದೆಂದು ತಾಕೀತು ಮಾಡಿದೆ. ಅಷ್ಟು ಹೊತ್ತು ಹಿಟ್ಟು ಸುರಿಯುವ ಕೈಯೂ ಕಾಯಬೇಕು. ಕಣ್ಣು ಅಕ್ಷರ ಓದುತ್ತಿರುವಾಗಲೇ ಹಿಟ್ಟು ಬಿದ್ದು ಮುಗಿದರೆ, ನೋಡುವವನಿಗೆ ಸಿಗುವುದು ಖಾಲಿ ಲೋಟ.

"ಹಂಗಾದ್ರೆ ವೀಡಿಯೋ ಉದ್ದ ಆಗುತ್ತಲ್ಲ ಭಾವ?"

"ಬೆಂಕಿ ಲೋಗೋ ಕಿತ್ತು ಹಾಕು. ಆ ಜಾಗಕ್ಕೆ ಕರಿದ ಚಕ್ಕುಲಿ ಮುರಿಯೋದು ತೋರ್ಸು, ಏನು ಮಾಡ್ತಿದ್ದಾರೆ ಅಂತ ಗೊತ್ತಾಗ್ಲಿ. ನಿನ್ನ ಕೈ ಮುಗಿಯೋದನ್ನೂ ಕಿತ್ತು ಹಾಕು."

ಮುಖ ಸಣ್ಣದಾಯಿತು. 1987ರಲ್ಲಿ ಸಿಂಗೀತಂ ಶ್ರೀನಿವಾಸರಾವ್ 'ಪುಷ್ಪಕ ವಿಮಾನ'ವನ್ನು ಒಂದು ಮಾತೂ ಇಲ್ಲದೆ ಸುಮಾರು ಎರಡು ಗಂಟೆ ನಡೆಸಿದರು ಕಣೋ ಎಂದು ಸಮಾಧಾನ ಹೇಳಿದೆ. "ಅದ್ರಲ್ಲಿ ಕಮಲ್ ಹಾಸನ್ ಮುಖ ಇತ್ತಲ್ಲ" ಅಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉಳಿದದ್ದು ಅಸಲಿ ಗಂಟು. ಚಕ್ಕುಲಿಯನ್ನು ಎಣ್ಣೆಯಿಂದ ಯಾವಾಗ ತೆಗೆಯಬೇಕೆಂದು ನಮ್ಮತ್ತೆ ನೋಡುವುದಿಲ್ಲ, ಕೇಳುತ್ತಾರೆ. ಹಿಟ್ಟಿನ ನೀರಿನಂಶ ಆರುತ್ತ ಬಂದ ಹಾಗೆ ಚೊರ್ ಎನ್ನುವ ಸದ್ದು ಅಡಗುತ್ತದೆ. ಆಗ ಜಾಲರಿ ಸೌಟು ಇಳಿಯುತ್ತದೆ. ವೀಡಿಯೋದಲ್ಲೂ "ಸದ್ದು ನಿಂತಾಗ ತೆಗೀರಿ" ಅಂದಿದ್ದಾರೆ. ಸೌಂಡ್ ಆಫ್ ಮಾಡಿದವನಿಗೆ ಮೊದಲಿನಿಂದಲೂ ಸದ್ದು ನಿಂತೇ ಇದೆ, ಅವನು ಹಸಿ ಹಿಟ್ಟನ್ನೇ ಎತ್ತಿಬಿಡುತ್ತಾನೆ. ಆದರೆ ಸದ್ದಿನ ಜೊತೆಗೇ ಎಣ್ಣೆಯ ನೊರೆಯೂ ಇಳಿಯುತ್ತದೆ, ಅದು ಕಣ್ಣಿಗೆ ಕಾಣುವಂಥದ್ದು. ಭಾವಮೈದ ಜಾಣ, ತಕ್ಷಣ ಬರೆದ: "ನೊರೆ ಇಳಿದಾಗ ತೆಗೆಯಿರಿ". ಕತ್ತರಿಸಲು ಒತ್ತೇ ಇರಲಿಲ್ಲ, ಜಾಗ ಸರಿಯಿತ್ತು, ಎರಡು ಸಲ ಓದುವಷ್ಟು ಹೊತ್ತೂ ನಿಂತಿತ್ತು.

ಹೆಮ್ಮೆಯಿಂದ ಒಯ್ದು ಅತ್ತೆಗೆ ತೋರಿಸಿದ. ಅವರು ಕನ್ನಡಕ ಹುಡುಕಲಿಲ್ಲ. ಅಕ್ಷರದ ಪಟ್ಟಿಯ ಮೇಲೆ ಹಿಟ್ಟಿನ ಹೆಬ್ಬೆರಳು ಇಟ್ಟು, "ನನ್ನಂಗೆ ಓದೋಕಾಗದೋರಿಗೆ ನೊರೆ ಎಲ್ಲೋ ತೋರ್ಸಿದೀಯಾ?" ಅಂದರು.

ಹೆಬ್ಬೆರಳಿನ ಆಚೆ, ನೊರೆ ಇಳಿಯುವ ಆ ನಾಲ್ಕು ಸೆಕೆಂಡು, ಕ್ಯಾಮೆರಾ ಭಾವಮೈದನ ಮುಖದ ಮೇಲಿತ್ತು.