ಮೇಷ್ಟ್ರಿಗೆ ಎಂಟೇ ಅಂಕ

ಜೂನ್ ಬಂದರೆ ಸಾಕು, ಊರಿನ ಕಾರುಗಳೆಲ್ಲ ಶಾಲೆಯ ಗೇಟಿನ ಮುಂದೆಯೇ ಹುಟ್ಟಿ ಬೆಳೆದವೇನೋ ಅನ್ನಿಸುತ್ತದೆ. ವ್ಯಾನಿನವರು ಬಾಡಿಗೆ ಏರಿಸಿದ್ದು, ಅಪ್ಪಂದಿರು ಗೊಣಗಿದ್ದು, ಕೊನೆಗೆ ಭಾರವೆಲ್ಲ ಅಜ್ಜಂದಿರ ಹೆಗಲಿಗೆ ಬಿದ್ದದ್ದು ನಿಮಗೆ ಗೊತ್ತೇ ಇದೆ. ಹಾಗೆ ಭಾರ ಹೊತ್ತ ಒಬ್ಬ ನಿವೃತ್ತ ಮೇಷ್ಟ್ರು ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಫೇಲಾದರೆಂಬ ಸುದ್ದಿ ಬಂತು. ಘಟನೆಯನ್ನು ಕಣ್ಣಾರೆ ಕಂಡದ್ದು ಪರೀಕ್ಷಾ ಕೊಠಡಿಯ ಗೋಡೆಗೆ ನೇತುಬಿದ್ದಿರುವ ಸಂಚಾರ ಚಿಹ್ನೆಗಳ ಚಾರ್ಟು. ಅದನ್ನೇ ಮಾತಾಡಿಸಿದೆ.

ಮೇಷ್ಟ್ರು ಫೇಲಾದದ್ದು ನಿಜವೇ?

ನಿಜ ಸ್ವಾಮಿ. ಹದಿನೈದು ಪ್ರಶ್ನೆ, ಪಾಸಾಗಲು ನೂರಕ್ಕೆ ಅರವತ್ತು, ಅಂದರೆ ಒಂಬತ್ತು ಸರಿಯಾಗಬೇಕು. ಅವರಿಗೆ ಬಂದದ್ದು ಎಂಟು. ಆದರೆ ಅದಕ್ಕೂ ಮೊದಲು ನನ್ನದೊಂದು ಮಾತು ಕೇಳಿ. ನನ್ನ ಮೈಮೇಲೆ ಎರಡು ಚಿಹ್ನೆಗಳಿವೆ. ಒಂದು ಅಡ್ಡಗೆರೆ ಇದ್ದರೆ ಗಾಡಿ ಬಿಟ್ಟು ಹೋಗುವ ಹಾಗಿಲ್ಲ. ಎರಡು ಗೆರೆ ಕತ್ತರಿ ಹಾಕಿದ ಹಾಗಿದ್ದರೆ ನಿಲ್ಲಿಸುವ ಹಾಗೆಯೇ ಇಲ್ಲ. ಇವೆರಡರ ವ್ಯತ್ಯಾಸ...

ಅದಕ್ಕೆ ಆಮೇಲೆ ಬರೋಣ. ಮೇಷ್ಟ್ರ ಬಳಿ ಇಷ್ಟು ವರ್ಷ ಲೈಸೆನ್ಸೇ ಇರಲಿಲ್ಲವೇ?

ಸೈಕಲ್ಲು, ಕೆಂಪು ಬಸ್ಸು, ಇಷ್ಟೇ ಅವರ ಸಂಸಾರ. ಸ್ಕೂಟರಿನ ಲೈಸೆನ್ಸ್ ಒಂದಿದ್ದಿದ್ದರೂ ಈ ಪರೀಕ್ಷೆಯೇ ಬೇಕಿರಲಿಲ್ಲ, ನಿಯಮದಲ್ಲೇ ವಿನಾಯಿತಿ ಇದೆ. ಪಾಪ, ನಲವತ್ತು ದಾಟಿದವರಿಗೆ ಬೇಕಾದ ಡಾಕ್ಟರ ಸರ್ಟಿಫಿಕೇಟು, 1ಎ ಫಾರಮ್ಮು, ಎಲ್ಲ ನೀಟಾಗಿ ಜೋಡಿಸಿಕೊಂಡು ಬಂದಿದ್ದರು. ಒಳಗೆ ಬಂದವರು ನೇರ ನನ್ನ ಮುಂದೆ ನಿಂತರು. ಗೋಡೆ ಚಾರ್ಟು ಕಂಡರೆ ಮೇಷ್ಟ್ರಿಗೆ ಸುಮ್ಮನಿರಲಾಗುತ್ತದೆಯೇ? ‘ನಿಲ್ಲು’ ಅನ್ನುವುದಕ್ಕೆ ಮಾತ್ರ ಎಂಟು ಮೂಲೆ ಏಕೆ, ‘ದಾರಿ ಬಿಡು’ ಅನ್ನುವ ತ್ರಿಕೋನ ಮಾತ್ರ ತಲೆಕೆಳಗೇಕೆ ಎಂದು ಪಕ್ಕದ ಹುಡುಗನನ್ನು ಕೇಳಿದರು. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ತಾವೇ ಉತ್ತರ ಹೇಳಿಕೊಂಡರು: ಕೆಸರು ಮೆತ್ತಿ ಅಕ್ಷರ ಕಾಣದಿದ್ದರೂ, ಹಿಂದಿನಿಂದ ನೋಡಿದರೂ, ಆಕಾರದಿಂದಲೇ ಗುರುತು ಸಿಗಲಿ ಅಂತ. ನನ್ನನ್ನು ಅಷ್ಟು ಅಕ್ಕರೆಯಿಂದ ಯಾರೂ ಓದಿರಲಿಲ್ಲ.

ಇಷ್ಟು ಓದಿದವರು ಫೇಲಾದದ್ದು ಹೇಗೆ?

ಓದಿದ್ದರಿಂದಲೇ! ಒಂದು ಪ್ರಶ್ನೆಗೆ ಮೂವತ್ತು ಸೆಕೆಂಡು. ‘ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಬರೆಯಿರಿ’ ಎಂದು ಆಯುಷ್ಯವಿಡೀ ಮಕ್ಕಳಿಗೆ ಹೇಳಿದ ಬಾಯಿ ಅದು. ಕನ್ನಡಕ ಸರಿಮಾಡಿಕೊಂಡು ಪ್ರಶ್ನೆ ಎರಡು ಸಲ, ಉತ್ತರಗಳನ್ನು ಒಂದು ಸಲ ಓದಿ ಮೌಸಿಗೆ ಕೈ ಹಾಕುವಷ್ಟರಲ್ಲಿ ಪರದೆ ಮುಂದಿನ ಪ್ರಶ್ನೆಗೆ ಹಾರಿರುತ್ತಿತ್ತು. ಹಾಗೆ ಐದು ಹೋದವು. ಉಳಿದ ಹತ್ತರಲ್ಲಿ ಎಂಟು ಸರಿ, ಎರಡು ತಪ್ಪು. ಆ ಎರಡರಲ್ಲಿ ಒಂದು ಯಾವುದು ಗೊತ್ತೇ? ಅದೇ, ಕತ್ತರಿ ಗೆರೆ! ನಿಲ್ಲಿಸುವ ಹಾಗೇ ಇಲ್ಲ ಅನ್ನುವುದನ್ನು ಬಿಟ್ಟು ಹೋಗುವ ಹಾಗಿಲ್ಲ ಅಂದುಬಿಟ್ಟರು. ನಿಮ್ಮ ಶಾಲೆ ಗೇಟಿನ ಮುಂದೆ ಈ ಕತ್ತರಿ ಗೆರೆಯ ಬೋರ್ಡಿನ ಕಂಬಕ್ಕೇ ಒರಗಿಸಿ ಕಾರು ನಿಲ್ಲಿಸಿರುತ್ತಾರೆ. ಕೇಳಿದರೆ ‘ಎಂಜಿನ್ ಆನ್ ಇದೆ ಸಾರ್, ಪಾರ್ಕ್ ಮಾಡಿಲ್ಲ’ ಅನ್ನುತ್ತಾರೆ. ಅಯ್ಯಾ, ಅದಕ್ಕೇ ತಾನೇ ಎರಡನೇ ಗೆರೆ ಎಳೆದದ್ದು!

ಇನ್ನೊಂದು ತಪ್ಪು?

ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಪಾದಚಾರಿಗಳು ಯಾವ ಬದಿಯಲ್ಲಿ ನಡೆಯಬೇಕು ಅನ್ನುವ ಪ್ರಶ್ನೆ. ಮೇಷ್ಟ್ರು ಎಡ ಅಂದರು. ಸರಿಯುತ್ತರ ಬಲ.

(ಇಲ್ಲಿ ನನ್ನ ಕಿವಿ ನೆಟ್ಟಗಾಯಿತು.) ಮೂವತ್ತು ವರ್ಷ ಶಾಲೆಯಲ್ಲಿ ಎಡ ಎಂದೇ ಹೇಳಿಕೊಟ್ಟಿರುತ್ತಾರಲ್ಲ!

ಹೌದು, ಅವರಿಗೂ ಎದೆ ಧಸಕ್ಕೆಂದಿತು. ಎಡಕ್ಕೆ ನಡೆದರೆ ಗಾಡಿ ಬೆನ್ನ ಹಿಂದಿನಿಂದ ಬರುತ್ತದೆ, ಕಾಣುವುದಿಲ್ಲ. ಬಲಕ್ಕೆ ನಡೆದರೆ ಎದುರಿಗೇ ಬರುತ್ತದೆ, ಪಕ್ಕಕ್ಕೆ ಸರಿಯಲು ಒಂದು ಕ್ಷಣ ಸಿಗುತ್ತದೆ. ಇಷ್ಟೇ ತರ್ಕ. ಆದರೆ ಕತ್ತರಿ ಗೆರೆಯ ವಿಷಯ...

ಇರಲಿ, ಇರಲಿ. ಮೊಮ್ಮಕ್ಕಳ ಶಾಲೆ ಮನೆಯಿಂದ ಎಷ್ಟು ದೂರ?

ಒಂದೂವರೆ ಕಿಲೋಮೀಟರು ಅಂತ ಹೇಳುತ್ತಿದ್ದರು.

ಒಂದೂವರೆ ಕಿಲೋಮೀಟರಿಗೆ ಕಾರು! ಫುಟ್‌ಪಾತ್ ಇದ್ದಿದ್ದರೆ ಅಜ್ಜ ಮೊಮ್ಮಕ್ಕಳು ಕೈ ಹಿಡಿದು ಇಪ್ಪತ್ತೈದು ನಿಮಿಷದಲ್ಲಿ ನಡೆದೇ ಹೋಗುತ್ತಿದ್ದರಲ್ಲವೇ? ಇದ್ದ ಚರಂಡಿ ಕಲ್ಲಿನ ಮೇಲೆ ಟ್ರಾನ್ಸ್‌ಫಾರ್ಮರ್ ಒಂದು, ಅದರ ಪಕ್ಕ ಬೇಕರಿಯ ಫ್ರಿಜ್ಜು, ಅದರ ಮುಂದೆ ಜಲ್ಲಿ ರಾಶಿ. ಈ ವಿಷಯದಲ್ಲಿ ನಾನು ಹಲವು ಸಲ ಬರೆದಿದ್ದೇನೆ...

ನಿಮ್ಮ ಅಂಕಣ ಇಲ್ಲಿ ಯಾರೂ ಓದುವುದಿಲ್ಲ ಸ್ವಾಮಿ. ಫುಟ್‌ಪಾತ್ ನನ್ನ ಸಿಲಬಸ್ಸಿನಲ್ಲಿಲ್ಲ. ಫುಟ್‌ಪಾತ್ ಇಲ್ಲದಿರುವುದು ಮಾತ್ರ ಇದೆ, ಪ್ರಶ್ನೆಯಾಗಿ.

ಹಾಗಾದರೆ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತಲ್ಲ! ಅಂದಹಾಗೆ, ಆ ಮೊಬೈಲ್ ಹುಡುಗ ಏನಾದ?

ಅವನಿಗೆ ಹದಿನೈದಕ್ಕೆ ಹದಿನೈದು.

ಪರವಾಗಿಲ್ಲವೇ, ಬುದ್ಧಿವಂತ.

ಬುದ್ಧಿವಂತನೇ? ಅವನು ಒಂದು ಪ್ರಶ್ನೆಯನ್ನೂ ಓದಲಿಲ್ಲ. ಬೆನ್ನ ಹಿಂದೆ ಏಜೆಂಟ್ ನಿಂತು ‘ಎರಡು, ನಾಲ್ಕು, ಒಂದು’ ಅಂತ ಪಿಸುಗುಡುತ್ತಿದ್ದ, ಇವನು ಒತ್ತುತ್ತಿದ್ದ. ಈಗ ಮನೆಯಲ್ಲೇ ಕೂತು ಪರೀಕ್ಷೆ ಬರೆಯುವ ವ್ಯವಸ್ಥೆಯೂ ಇದೆಯಲ್ಲ. ಕ್ಯಾಮೆರಾದ ಮುಂದೆ ಮುಖ ಒಬ್ಬರದು, ಮೌಸಿನ ಮೇಲೆ ಬೆರಳು ಇನ್ನೊಬ್ಬರದು. ನಗಬೇಡಿ. ನನ್ನಲ್ಲಿ ಮಗುವಿನ ಚಿತ್ರವಿರುವ ತ್ರಿಕೋನ ಒಂದಿದೆ, ಮುಂದೆ ಶಾಲೆ ಇದೆ ಅಂತ. ಅದರ ಅರ್ಥ ಗೊತ್ತಿಲ್ಲದವನ ಕೈಗೆ ಸಾವಿರ ಕೆಜಿ ಕಬ್ಬಿಣ ಕೊಟ್ಟು ಅದೇ ರಸ್ತೆಗೆ ಬಿಡುತ್ತೀರಿ. ಬಿಳಿ ಕೋಲು ಹಿಡಿದವರು ರಸ್ತೆ ದಾಟುವಾಗ ಆ ಕೋಲನ್ನೇ ‘ನಿಲ್ಲು’ ಚಿಹ್ನೆ ಎಂದು ತಿಳಿಯಬೇಕು, ಅದೂ ಈ ಪರೀಕ್ಷೆಯಲ್ಲೇ ಬರುವ ಪ್ರಶ್ನೆ. ಅವನು ಅದಕ್ಕೆ ‘ಮೂರು’ ಎಂದು ಒತ್ತಿದ. ಅವನ ಪಾಲಿಗೆ ಅದು ಕೋಲಲ್ಲ, ಮನುಷ್ಯನಲ್ಲ, ಬರೀ ಮೂರು. ನಾಳೆ ರಾಂಗ್ ಸೈಡಿನಲ್ಲಿ ನುಗ್ಗುವವನು ಅವನೇ. ಮೇಷ್ಟ್ರು ಮೊಮ್ಮಕ್ಕಳನ್ನು ಬಲಕ್ಕೆ ನಡೆಸಿದರೂ ಆಗ ಬೆನ್ನಿಗೇ ಗಾಡಿ ಬರುತ್ತದೆ. ಹದಿನೈದು ಪ್ರಶ್ನೆ ಓದಲು ಪುರಸೊತ್ತಿಲ್ಲದವರಿಗೆ ಮಕ್ಕಳ ಜೀವ ತೆಗೆಯಲು ಪುರಸೊತ್ತಿದೆ. ಪಿಸುಗುಟ್ಟಿದವನ ಮೇಲೆ, ನೋಡಿಯೂ ಫೈಲಿನೊಳಗೆ ಮುಖ ಹುದುಗಿಸಿದವನ ಮೇಲೆ ಯಾರೂ ಕೇಸು ಹಾಕುವುದಿಲ್ಲ.

...

ನೀರು ಕುಡಿಯಿರಿ. ನನಗೆ ಕೊಡಬೇಡಿ, ನೆಂದರೆ ಬಣ್ಣ ಬಿಡುತ್ತೇನೆ.

ಮೇಷ್ಟ್ರು ಆಮೇಲೆ?

ಮತ್ತೆ ಶುಲ್ಕ ಕಟ್ಟಿ ಬಂದರು. ಏಜೆಂಟ್ ‘ನಾನಿದೀನಿ ಸಾರ್’ ಅಂದದ್ದಕ್ಕೆ, ‘ಕಾಪಿ ಹೊಡೆಯುವುದನ್ನು ಹಿಡಿದವನು ನಾನು, ನನಗೇ ಹೇಳ್ತೀಯಾ’ ಎಂದು ಗದರಿಸಿದರು. ಮನೆಯಲ್ಲಿ ಮೊಮ್ಮಗಳು ಗಡಿಯಾರ ಹಿಡಿದು, ‘ತಾತ, ಒಂದೇ ಸಲ ಓದು’ ಎಂದು ಅಭ್ಯಾಸ ಮಾಡಿಸಿದ್ದಳಂತೆ. ಹದಿಮೂರು ಬಂತು. ಈಗ ಬಿಳಿ ಹಲಗೆ ಮೇಲೆ ಕೆಂಪು ಎಲ್ ಅಂಟಿಸಿ, ಪಕ್ಕದಲ್ಲಿ ಲೈಸೆನ್ಸ್ ಇರುವ ಸೊಸೆಯನ್ನು ಕೂರಿಸಿಕೊಂಡು ಕಲಿಯುತ್ತಿದ್ದಾರೆ. ಮೂವತ್ತು ದಿನ ಕಳೆದ ಮೇಲೆ ಗಾಡಿ ಓಡಿಸಿ ತೋರಿಸುವ ಪರೀಕ್ಷೆ. ಅವರ ವಯಸ್ಸಿಗೆ ಲೈಸೆನ್ಸು ಐದು ವರ್ಷಕ್ಕೆ ಸಿಗುತ್ತದೆ. ಮೊಮ್ಮಗಳು ಈಗ ಐದನೇ ಕ್ಲಾಸು, ಹತ್ತನೆಯದರ ತನಕ ಬಾಳಿಕೆ ಬರುತ್ತದೆ ಅಂತ ಲೆಕ್ಕ ಹಾಕಿದ್ದಾರೆ.

ಓಡಿಸುವುದು ಹೇಗಿದೆಯಂತೆ?

ಮೊನ್ನೆ ದಿನಾಂಕ ಕೇಳಲು ಬಂದಾಗ ಹೇಳುತ್ತಿದ್ದರು. ಜೀಬ್ರಾ ಪಟ್ಟೆಯ ಬಳಿ ಒಬ್ಬಾಕೆ ದಾಟಲು ಕಾಯುತ್ತಿದ್ದರಂತೆ. ಪುಸ್ತಕದಲ್ಲಿರುವ ಹಾಗೆ ಮೇಷ್ಟ್ರು ಪೂರ್ತಿ ನಿಲ್ಲಿಸಿದರು. ಹಿಂದಿನವರೆಲ್ಲ ಹಾರನ್ ಹೊಡೆದು ಮೇಷ್ಟ್ರ ಪೂರ್ವಜರನ್ನೆಲ್ಲ ಸ್ಮರಿಸಿದರು. ಇವರು ಕದಲಲಿಲ್ಲ.

ಭೇಷ್! ಆಕೆ ದಾಟಿದರೇ?

ದಾಟಿ ಎಲ್ಲಿಗೆ ಹೋಗುವುದು ಸ್ವಾಮಿ? ಆ ಕಡೆಯ ಫುಟ್‌ಪಾತಿನ ಮೇಲೆ ಕಾರು ನಿಂತಿತ್ತು.

ನಾನು ಹೇಳಲಿಲ್ಲವೇ! ಫುಟ್‌ಪಾತು...

ಕತ್ತರಿ ಗೆರೆ ಸ್ವಾಮಿ, ಕತ್ತರಿ ಗೆರೆ! ಆ ಕಾರು ನಿಂತಿದ್ದು ಅದರ ಕೆಳಗೇ.